ಕೊಟೇಶನ್ 6.40 ಲಕ್ಷ, ಬಿಲ್ 8.64 ಲಕ್ಷ: ರೈಟಿಂಗಲ್ಲಿ ಒಪ್ಪದ ಎಕ್ಸ್‌ಟ್ರಾ ದುಡ್ಡು ಕೊಡ್ಲೇಬೇಕಾ?

ಹಳೇ ಮನೆ ರಿಪೇರಿ ಮಾಡ್ಸಿದವ್ರನ್ನ ಯಾರನ್ನ ಕೇಳಿದ್ರೂ ಒಂದೇ ಗೋಳು, ಹೇಳಿದ್ದೊಂದು ಬಿಲ್ ಬಂದಿದ್ದೊಂದು. ಆಮೇಲೆ ಶುರುವಾಗೋ ಜಗಳದಲ್ಲಿ ಓನರ್ ಹೇಳೋದು "ನಾನು ಎಲ್ಲೂ ಸೈನ್ ಹಾಕಿಲ್ಲ, ಒಂದು ರೂಪಾಯಿನೂ ಜಾಸ್ತಿ ಕೊಡಲ್ಲ" ಅಂತ, ಕಾಂಟ್ರಾಕ್ಟರ್ ಹೇಳೋದು "ಕೆಲಸ ನಿಮ್ಮ ಕಣ್ಮುಂದೆನೇ ಇದೆಯಲ್ಲ ಸಾರ್, ಮಾಡಿದ್ದಕ್ಕೆ ಕೊಡ್ಬೇಕು ತಾನೇ" ಅಂತ. ಕಾನೂನಿನ ಪ್ರಕಾರ ಇಬ್ರೂ ಅರ್ಧ ಸರಿ ಅರ್ಧ ತಪ್ಪು. ಇದು ಗೊತ್ತಿಲ್ದೆ "ಮೋಸ ಆಗಿದೆ" ಅಂತ ಒಂದೇ ಸಾಲಲ್ಲಿ ಕಂಪ್ಲೇಂಟ್ ಬರ್ದು ಕೊಟ್ರೆ, ನ್ಯಾಯವಾಗಿ ಸಿಗ್ಬೇಕಾದ ದುಡ್ಡೂ ಸಿಗಲ್ಲ.

ನಾನು ಸೈಟ್ ಬಿಲ್ಲುಗಳನ್ನ ಚೆಕ್ ಮಾಡೋ ಕೆಲಸದಲ್ಲಿರೋನು, ಹಂಗಾಗಿ ನೆಂಟರಿಷ್ಟರು ಇಂಥದ್ದನ್ನ ನನ್ ಹತ್ರನೇ ತರ್ತಾರೆ. ಮೈಸೂರಲ್ಲಿರೋ ನಮ್ಮ ಚಿಕ್ಕಪ್ಪನ ಮನೆ ಕೇಸನ್ನೇ ತಗೊಂಡು ಹೇಳ್ತೀನಿ, ಯಾಕಂದ್ರೆ ಅದ್ರಲ್ಲಿ ಎಲ್ಲಾ ಥರದ ಎಕ್ಸ್‌ಟ್ರಾನೂ ಇತ್ತು.

ಮೂವತ್ತು ವರ್ಷ ಹಳೇ ಮನೆ, ಎರಡು ಬಾತ್‌ರೂಮು ಮತ್ತೆ ಅಡುಗೆಮನೆ ಪೂರ್ತಿ ಒಡೆದು ಹೊಸದಾಗಿ ಮಾಡ್ಸೋದು ಅಂತ ಮಾತಾಗಿತ್ತು. ಕೊಟೇಶನ್ 6,40,000. ಎರಡು ಪುಟದ್ದು, ಲೆಟರ್‌ಹೆಡ್ ಮೇಲೆ ಪ್ರಿಂಟ್ ಮಾಡಿ ಇಬ್ರೂ ಸೈನ್ ಹಾಕಿದ್ರು. ಕೊನೇಲಿ ಎರಡು ಸಾಲು ಇತ್ತು, "ಅಳತೆ ಸೈಟ್‌ನಲ್ಲಿ ಇದ್ದ ಹಾಗೆ" ಅನ್ನೋದು ಒಂದು, "ಹೆಚ್ಚುವರಿ ಕೆಲಸ ಮಾಲೀಕರು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ" ಅನ್ನೋದು ಇನ್ನೊಂದು. ಫೈನಲ್ ಬಿಲ್ ಬಂದಿದ್ದು 8,64,400. ಅಂದ್ರೆ 2,24,400 ಜಾಸ್ತಿ. ಬರವಣಿಗೇಲಿ ಒಪ್ಪಿದ್ದು ಏನೂ ಇಲ್ಲ.

ಚಿಕ್ಕಪ್ಪನಿಗೆ ಆ ಎರಡನೇ ಸಾಲೇ ಬ್ರಹ್ಮಾಸ್ತ್ರ ಥರ ಕಾಣ್ತಿತ್ತು. ಆದ್ರೆ ಜಗಳ ಅರ್ಥ ಆಗ್ಬೇಕಂದ್ರೆ ಮೊದಲ್ನೇ ಸಾಲಿಂದ ಶುರು ಮಾಡ್ಬೇಕು. "ಅಳತೆ ಸೈಟ್‌ನಲ್ಲಿ ಇದ್ದ ಹಾಗೆ" ಅಂದ್ರೆ ಇದು ಲಂಪ್‌ಸಮ್ ಅಲ್ಲ, ಐಟಂ ರೇಟ್ ಕಾಂಟ್ರಾಕ್ಟ್. ಲಂಪ್‌ಸಮ್‌ನಲ್ಲಿ ಒಟ್ಟು ಮೊತ್ತ ಫಿಕ್ಸು, ಇಂತಿಷ್ಟು ಕೆಲಸಕ್ಕೆ ಇಂತಿಷ್ಟು, ಟೈಲ್ಸ್ ಹತ್ತು ಅಡಿ ಜಾಸ್ತಿ ಹಿಡಿದ್ರೂ ಅದು ಕಾಂಟ್ರಾಕ್ಟರ್ ತಲೆನೋವು. ಐಟಂ ರೇಟ್‌ನಲ್ಲಿ ಫಿಕ್ಸ್ ಆಗೋದು ರೇಟ್ ಮಾತ್ರ, ಕ್ವಾಂಟಿಟಿ ಅಳೆದು ನೋಡಿ ಬಿಲ್ ಮಾಡೋದು, ಹಂಗಾಗಿ ಒಟ್ಟು ಮೊತ್ತ ಹೆಚ್ಚು ಕಮ್ಮಿ ಆಗೋದು ಸಹಜ, ಅದಕ್ಕೆ ಬೇರೆ ಸೈನ್ ಬೇಕಾಗಿಲ್ಲ. ಬರೀ "ಎಸ್ಟಿಮೇಟ್" ಅಂತ ಹೆಡ್ಡಿಂಗ್ ಹಾಕಿ ಅಂದಾಜು ಮೊತ್ತ ಬರೆದಿದ್ರೆ ಓನರ್ ಕೇಸ್ ಇನ್ನೂ ವೀಕು. ಅದಕ್ಕೆ ಬಿಲ್ ಮೇಲೆ ಸಿಟ್ಟು ಮಾಡ್ಕೊಳ್ಳೋ ಮುಂಚೆ ಕೊಟೇಶನ್ ತೆಗೆದು ಇದು ಯಾವ ಜಾತಿ ಕಾಂಟ್ರಾಕ್ಟ್ ಅಂತ ನೋಡ್ಕೋಬೇಕು.

ಆಮೇಲೆ ಮಾಡಿದ ಕೆಲಸ ಇಷ್ಟೇ, ಜಾಸ್ತಿ ಆಗಿರೋ 2,24,400ನ ಒಂದೊಂದೇ ಐಟಮ್ಮಾಗಿ ಬಿಡಿಸಿದ್ದು. ಟೈಲ್ಸ್‌ದು 42,400, ಪ್ಲಂಬಿಂಗ್ ಲೈನ್ 78,000, ಗ್ರಾನೈಟ್ 22,000, "ಸೂಪರ್‌ವಿಷನ್ ಚಾರ್ಜ್" ಅಂತ 64,000, ಡೆಬ್ರಿಸ್ ಸಾಗಿಸಿದ್ದು 18,000. ಐದೇ ಐಟಂ, ಆದ್ರೆ ಒಂದೊಂದಕ್ಕೂ ಕಾನೂನು ಬೇರೆ ಬೇರೆ.

ಟೈಲ್ಸ್ ಮೊದಲು. ಕೊಟೇಶನ್‌ನಲ್ಲಿ ಮೆಟೀರಿಯಲ್, ಕೂಲಿ ಎಲ್ಲಾ ಸೇರಿ ಚದರಡಿಗೆ 140, ಅಂದಾಜು 620 ಚದರಡಿ, ಅಂದ್ರೆ 86,800. ಬಿಲ್ಲಲ್ಲಿ 760 ಚದರಡಿ, ರೇಟು 170, ಒಟ್ಟು 1,29,200. ಇಲ್ಲಿ ಎರಡು ಏರಿಕೆ ಒಂದ್ರೊಳಗೊಂದು ಸೇರ್ಕೊಂಡಿದೆ. ರೇಟ್ ಯಾಕೆ ಜಾಸ್ತಿ ಅಂದ್ರೆ "ಸಿಮೆಂಟು, ಕೂಲಿ ಎಲ್ಲಾ ಏರಿದೆ ಸಾರ್" ಅಂದ. ಏರಿರ್ಬಹುದು, ಆದ್ರೆ ರೇಟ್ ಏರಿದ್ರೆ ಬಿಲ್ ಏರಿಸ್ಬಹುದು ಅಂತ ಕೊಟೇಶನ್‌ನಲ್ಲಿ ಷರತ್ತಿಲ್ಲ, ಹಂಗಾಗಿ 140 ಅಂದ್ರೆ 140. ಒಬ್ರೇ ಕೂತ್ಕೊಂಡು ಒಪ್ಪಂದದ ರೇಟ್ ಬದಲಾಯಿಸೋಕಾಗಲ್ಲ, ಇನ್ನೊಬ್ರ ಒಪ್ಪಿಗೆ ಬೇಕೇ ಬೇಕು.

ಕ್ವಾಂಟಿಟಿ ವಿಷಯದಲ್ಲಿ ಟೇಪ್ ಹಿಡ್ಕೊಂಡು ಅಳೆಯದೇ ಬೇರೆ ದಾರಿ ಇಲ್ಲ. ನಾವು ಅಳೆದಾಗ ಬಂದಿದ್ದು 655. ಮಿಕ್ಕ 105 ಎಲ್ಲಿಂದ ಬಂತು ಅಂತ ನೋಡಿದ್ರೆ, ಊಟದ ಜಾಗ ಮತ್ತೆ ಅಡುಗೆಮನೇಲಿ ಗೋಡೆ ಬುಡಕ್ಕೆ ಹಾಕಿರೋ ನಾಲ್ಕಿಂಚಿನ ಸ್ಕರ್ಟಿಂಗ್ 90 ರನ್ನಿಂಗ್ ಫೀಟ್ ಇತ್ತು. ನಾಲ್ಕಿಂಚು ಅಂದ್ರೆ ಅಡಿಯ ಮೂರನೇ ಒಂದು ಭಾಗ, ಅದು 30 ಚದರಡಿ ಆಗ್ಬೇಕು, ಆತ 90 ರನ್ನಿಂಗ್ ಫೀಟನ್ನೇ 90 ಚದರಡಿ ಅಂತ ಸೇರಿಸಿದ್ದ. ಅಲ್ಲೇ 60 ಹೋಯ್ತು. ಬಾತ್‌ರೂಮ್ ಗೋಡೆಗೆ ಏಳಡಿ ಎತ್ತರ ಟೈಲ್ಸ್, ಎರಡೂ ಬಾಗಿಲಿನ ಜಾಗ, ತಲಾ ಎರಡೂವರೆ ಅಡಿ ಅಗಲ, ಕಳೆದೇ ಇಲ್ಲ, ಅದು 35. ಅಡುಗೆಮನೆ ಕಿಟಕಿದು ಹತ್ತು. ಲೆಕ್ಕ ಸರಿಯಾಗಿ ಕೂತ್ಕೊಳ್ತು. ಇದನ್ನ ಮೋಸ ಅಂತ ಕೂಗೋಕೆ ಹೋಗ್ಬೇಡಿ, ಎಷ್ಟೋ ಮೇಸ್ತ್ರಿಗಳು ಸ್ಕರ್ಟಿಂಗ್‌ಗೆ ಕೂಲಿ ಹಂಗೇ ಲೆಕ್ಕ ಹಾಕ್ತಾರೆ ಯಾಕಂದ್ರೆ ಕಟ್ಟಿಂಗ್ ಕೆಲಸ ಜಾಸ್ತಿ, ಆದ್ರೆ ಹಂಗೆ ಲೆಕ್ಕ ಹಾಕ್ತೀನಿ ಅಂತ ಕೊಟೇಶನ್‌ನಲ್ಲಿ ಹೇಳಿರ್ಬೇಕಿತ್ತು. ಕೊಡ್ಬೇಕಾಗಿದ್ದು 655 ಇಂಟು 140, ಅಂದ್ರೆ 91,700. ಕೊಟೇಶನ್‌ಗಿಂತ 4,900 ಜಾಸ್ತಿ, ಅದು ನ್ಯಾಯವಾಗಿ ಕೊಡ್ಲೇಬೇಕು. ಚಿಕ್ಕಪ್ಪ ಅದಕ್ಕೂ ಮುಖ ಸಿಂಡರಿಸಿದ್ರು, ಅದು ಬೇರೆ ವಿಷ್ಯ.

ಪ್ಲಂಬಿಂಗ್ ಲೈನ್ ಕಥೆ ಸ್ವಲ್ಪ ಸಿಕ್ಕು, ಓನರ್‌ಗಳು ಸೋಲೋದು ಸಾಮಾನ್ಯವಾಗಿ ಇಲ್ಲೇ. ಬಾತ್‌ರೂಮ್ ಗೋಡೆ ಚಿಪ್ಪಿಂಗ್ ಮಾಡ್ದಾಗ ಒಳಗಿದ್ದ ಹಳೇ ಜಿಐ ಪೈಪ್ ಪೂರ್ತಿ ತುಕ್ಕು ಹಿಡಿದಿತ್ತು. ಕಾಂಟ್ರಾಕ್ಟರ್ ಫೋನ್ ಮಾಡಿ "ಸಾರ್ ಇದನ್ನ ಬಿಟ್ಟು ಮೇಲೆ ಟೈಲ್ಸ್ ಹಾಕಿದ್ರೆ ಆರು ತಿಂಗಳಲ್ಲಿ ಮತ್ತೆ ಒಡೀಬೇಕಾಗತ್ತೆ, ಹೊಸ ಲೈನ್ ಎಳೀತೀನಿ" ಅಂದ. ಚಿಕ್ಕಪ್ಪ "ಆಯ್ತು ಮಾಡಪ್ಪ, ಇನ್ನೇನ್ ಮಾಡೋದು" ಅಂದ್ರು. ಎಷ್ಟಾಗತ್ತೆ ಅಂತ ಅವ್ರೂ ಕೇಳ್ಲಿಲ್ಲ, ಆತನೂ ಹೇಳ್ಲಿಲ್ಲ.

ಈಗ "ಬರವಣಿಗೇಲಿ ಒಪ್ಪಿಲ್ಲ" ಅನ್ನೋ ಷರತ್ತು ಹಿಡ್ಕೊಂಡು 78,000ಕ್ಕೆ ಸೊನ್ನೆ ಅನ್ನಬಹುದಾ? ಕಷ್ಟ. ಮಾತಲ್ಲಿ ಆದ ಒಪ್ಪಂದನೂ ನಮ್ ದೇಶದಲ್ಲಿ ಒಪ್ಪಂದನೇ. ಷರತ್ತು ಇದ್ರೂನೂ ಓನರೇ ಬಾಯಲ್ಲಿ ಮಾಡು ಅಂದು, ಕೆಲಸ ನಡೀವಾಗ ನಿಂತು ನೋಡಿ, ಆಮೇಲೆ ಆ ನಲ್ಲೀಲೇ ಸ್ನಾನ ಮಾಡ್ತಿದ್ರೆ, ಆ ಷರತ್ತನ್ನ ನೀವೇ ಬಿಟ್ಟುಕೊಟ್ರಿ ಅಂತ ಎದುರು ವಕೀಲರು ವಾದ ಮಾಡ್ತಾರೆ. ಅದಕ್ಕಿಂತ ದೊಡ್ಡ ಅಸ್ತ್ರ ಕಾಂಟ್ರಾಕ್ಟರ್ ಕೈಯಲ್ಲಿರೋದು 1872ರ ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 70. ಒಬ್ಬ ಇನ್ನೊಬ್ಬನಿಗೋಸ್ಕರ ನ್ಯಾಯಬದ್ಧವಾಗಿ ಏನೋ ಮಾಡ್ತಾನೆ, ಪುಕ್ಕಟೆ ಮಾಡೋ ಉದ್ದೇಶ ಇರ್ಲಿಲ್ಲ, ಇನ್ನೊಬ್ಬ ಅದರ ಲಾಭ ತಗೊಂಡ, ಹಂಗಾದ್ರೆ ಪರಿಹಾರ ಕೊಡ್ಬೇಕು ಅಂತ ಅದು ಹೇಳತ್ತೆ. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋ ಹಳೇ ಕೇಸಲ್ಲಿ, ಸುಪ್ರೀಂ ಕೋರ್ಟ್‌ದು, 1962ರ ಲಾ ರಿಪೋರ್ಟಲ್ಲಿದೆ, ಕಾನೂನು ಕೇಳೋ ರೀತೀಲಿ ಕಾಂಟ್ರಾಕ್ಟೇ ಆಗದೆ ಕಟ್ಟಿಕೊಟ್ಟ ಕಟ್ಟಡಗಳಿಗೂ ಸರ್ಕಾರ ದುಡ್ಡು ಕೊಡ್ಬೇಕಾಯ್ತು, ಇದೇ ಸೆಕ್ಷನ್ ಅಡಿ.

ಆದ್ರೆ ಅದೇ ತೀರ್ಪಲ್ಲಿ ಓನರ್‌ಗೂ ಒಂದು ಹಿಡಿ ಇದೆ. ಲಾಭ ತಗೊಂಡವನಿಗೆ ಬೇಡ ಅನ್ನೋ ಅವಕಾಶ ಇರ್ಬೇಕಿತ್ತು, ಅವನು ಬೇಡ ಅನ್ನದೆ ತಗೊಂಡಿರ್ಬೇಕು. ಬಲವಂತವಾಗಿ ತಂದು ಹೇರಿದ್ದಕ್ಕೆ ಈ ಸೆಕ್ಷನ್ ಬರಲ್ಲ. ಜೊತೆಗೆ ಸೆಕ್ಷನ್ 70ರಲ್ಲಿ ಸಿಗೋದು ಪರಿಹಾರ, ಕಾಂಟ್ರಾಕ್ಟರ್ ಬಾಯಿಗೆ ಬಂದ ರೇಟಲ್ಲ, ಆ ಕೆಲಸಕ್ಕೆ ಮಾರ್ಕೆಟಲ್ಲಿ ನ್ಯಾಯವಾಗಿ ಎಷ್ಟಾಗತ್ತೋ ಅಷ್ಟು. ನಾವು ಇನ್ನೊಬ್ಬ ಪ್ಲಂಬಿಂಗ್ ಕಾಂಟ್ರಾಕ್ಟರ್‌ನ ಕರೆಸಿ, ಒಡೆದಾಗ ತೆಗೆದಿದ್ದ ಫೋಟೋ ತೋರ್ಸಿ, ಪೈಪಿನ ಉದ್ದ ಪಾಯಿಂಟುಗಳ ಲೆಕ್ಕ ಕೊಟ್ಟು ರೈಟಿಂಗಲ್ಲಿ ರೇಟ್ ತಗೊಂಡ್ವಿ, 52,000 ಅಂತ ಬಂತು. ಹಂಗಾಗಿ 52,000 ಒಪ್ಕೊಂಡ್ವಿ, 26,000ಕ್ಕೆ ತಕರಾರು. ಫೋಟೋ ಇಲ್ದೇ ಇದ್ದಿದ್ರೆ ಈ ಲೆಕ್ಕ ಸಾಧ್ಯನೇ ಇರ್ಲಿಲ್ಲ, ಪ್ಲಾಸ್ಟರ್ ಬಿದ್ದು ಟೈಲ್ಸ್ ಕೂತ ಮೇಲೆ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು.

ಗ್ರಾನೈಟ್‌ದು ಸುಲಭ. ಕೊಟೇಶನ್‌ನಲ್ಲಿ ಕಲ್ಲಿಗೆ ಚದರಡಿಗೆ 160 ಅಂತ ಇತ್ತು, ಚಿಕ್ಕಮ್ಮ ಅಂಗಡೀಲಿ 260ರ ಕಲ್ಲು ಮೆಚ್ಚಿದ್ರು. 48 ಚದರಡಿಗೆ ನೂರು ರೂಪಾಯಿ ವ್ಯತ್ಯಾಸ, 4,800. ಅವ್ರೇ ಆರಿಸಿದ್ದು ಅಂದ್ಮೇಲೆ ಸೈನ್ ಇಲ್ಲ ಅಂತ ಹಠ ಮಾಡೋದು ಸರಿಯಲ್ಲ. ಆದ್ರೆ 22,000ಕ್ಕೆ ಅಂಗಡಿ ಬಿಲ್ ತೋರ್ಸು ಅಂದ್ರೆ ತೋರಿಸ್ಲಿಲ್ಲ. ಡೆಬ್ರಿಸ್ ಸಾಗಿಸೋದು ಕೊಟೇಶನ್‌ನಲ್ಲೇ "ಸೇರಿ" ಅಂತ ಬರ್ದಿತ್ತು, ಸೊನ್ನೆ. ಸೂಪರ್‌ವಿಷನ್ ಚಾರ್ಜ್ ಅನ್ನೋದಂತೂ ಕೊನೇ ದಿನ ಹುಟ್ಟಿದ ಕೂಸು, 6,40,000ದ ಹತ್ತು ಪರ್ಸೆಂಟ್. ಕಾಂಟ್ರಾಕ್ಟರ್ ತನ್ನ ಕೆಲಸವನ್ನ ತಾನೇ ನೋಡ್ಕೊಂಡಿದ್ದಕ್ಕೆ ಬೇರೆ ದುಡ್ಡು ಕೇಳೋ ಹಂಗಿಲ್ಲ, ಅದೂ ಸೊನ್ನೆ. ಪಕ್ಕಾ ಬಿಲ್ ಕೊಡು ಅಂದಿದ್ದಕ್ಕೆ "ಹಂಗಾದ್ರೆ ಜಿಎಸ್‌ಟಿ 18 ಪರ್ಸೆಂಟ್ ಸೇರ್ಸ್ತೀನಿ" ಅಂತ ಹೆದ್ರಿಸಿದ್ದೂ ಆಯ್ತು, ನೋಡಿದ್ರೆ ಆತನಿಗೆ ಜಿಎಸ್‌ಟಿ ನಂಬರೇ ಇಲ್ಲ. ರಿಜಿಸ್ಟರ್ ಆಗ್ದೇ ಇರೋನು ಜಿಎಸ್‌ಟಿ ವಸೂಲಿ ಮಾಡೋಕೇ ಬರಲ್ಲ.

ಒಟ್ಟು ಕೂಡಿದ್ರೆ, ಜಾಸ್ತಿ ಕೇಳಿದ 2,24,400ದಲ್ಲಿ ನ್ಯಾಯವಾಗಿ ಕೊಡ್ಬೇಕಾದ್ದು 4,900, 52,000, 4,800, ಅಂದ್ರೆ 61,700. ಸರಿಯಾದ ಬಿಲ್ 7,01,700.

ಇನ್ನು ದುಡ್ಡು ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಮುಂದಿನ ಆಟ ನಿಂತಿರತ್ತೆ. ನೀವು ಎಕ್ಸ್‌ಟ್ರಾ ದುಡ್ಡು ಇನ್ನೂ ಕೊಟ್ಟಿಲ್ಲ, ಕೆಲಸ ಮುಗಿದಿದೆ ಅಂದ್ರೆ, ಕೋರ್ಟಿಗೆ ಹೋಗೋ ತಲೆನೋವು ಆತನದು. ಸಿವಿಲ್ ಕೋರ್ಟಲ್ಲಿ ರಿಕವರಿ ಸೂಟ್ ಹಾಕ್ಬೇಕು, ಕೆಲಸ ಪ್ರೂವ್ ಮಾಡ್ಬೇಕು. ನೀವು ಒಪ್ಪಿದ ಮೊತ್ತ ಬ್ಯಾಂಕ್ ಮೂಲಕ ಕೊಟ್ಟು, ಉಳಿದಿದ್ದು ಯಾಕೆ ಕೊಡಲ್ಲ ಅಂತ ಬರ್ದು ಕಳ್ಸಿ ಸುಮ್ನಿರಬಹುದು. ಕಾಂಟ್ರಾಕ್ಟರ್‌ಗೂ ಇದು ಗೊತ್ತು, ಅದಕ್ಕೇ ಜಗಳ ಕೊನೇ ದಿನಕ್ಕೆ ಬರಲ್ಲ, ಕೊನೇ ಒಂದು ವಾರಕ್ಕೆ ಬರತ್ತೆ. ಇಲ್ಲೂ ಹಂಗೇ ಆಯ್ತು. ಅಷ್ಟೊತ್ತಿಗೆ 6,00,000 ಕೊಟ್ಟಿದ್ರು. ಎರಡನೇ ಬಾತ್‌ರೂಮಿಗೆ ಕಮೋಡು, ನಲ್ಲಿ, ಶವರ್ ಯಾವ್ದೂ ಕೂರ್ಸದೆ ಹುಡುಗರನ್ನ ವಾಪಸ್ ಕರ್ಸ್ಕೊಂಡು "ಎರಡು ಲಕ್ಷ ಹಾಕಿ, ನಾಳೆ ಬಂದು ಮುಗಿಸ್ತೀವಿ" ಅಂದ. ಮನೇಲಿ ವಯಸ್ಸಾದ ಅಜ್ಜಿ, ಇರೋದು ಒಂದೇ ಬಾತ್‌ರೂಮು, ಕೊಡದೇ ವಿಧಿ ಇರ್ಲಿಲ್ಲ.

ಇಂಥಾ ಪರಿಸ್ಥಿತೀಲಿ ಕೊಟ್ರೂ ಪರ್ವಾಗಿಲ್ಲ, ಆದ್ರೆ ಸುಮ್ನೆ ಕೊಡ್ಬಾರ್ದು. ದುಡ್ಡು ಹಾಕೋ ಐದು ನಿಮಿಷ ಮುಂಚೆ ವಾಟ್ಸಾಪಲ್ಲಿ ಚಿಕ್ಕಪ್ಪನ ಕೈಯಲ್ಲಿ ಹಿಂಗೆ ಬರೆಸಿದ್ವಿ: "ನಿಮ್ಮ ಫೈನಲ್ ಬಿಲ್ ನಾನು ಒಪ್ಪಿಲ್ಲ. ಟೈಲ್ಸ್ ಅಳತೆ ಮತ್ತು ರೇಟ್, ಪ್ಲಂಬಿಂಗ್, ಗ್ರಾನೈಟ್, ಸೂಪರ್‌ವಿಷನ್, ಡೆಬ್ರಿಸ್ ಇವುಗಳ ಬಗ್ಗೆ ನನ್ನ ತಕರಾರು ಇದೆ. ಕೆಲಸ ಅರ್ಧಕ್ಕೆ ನಿಲ್ಲಿಸಿರುವುದರಿಂದ ಬೇರೆ ದಾರಿ ಇಲ್ಲದೆ 2,00,000 ಕಳಿಸುತ್ತಿದ್ದೇನೆ. ಹೆಚ್ಚಾದ ಹಣ ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ." ಆತ "ಓಕೆ ಸಾರ್" ಅಂತ ರಿಪ್ಲೈ ಮಾಡ್ದ. ಬಿಲ್ ಒಪ್ಪಿದ್ದಕ್ಕೆ ಓಕೆನೋ ದುಡ್ಡು ಬಂದಿದ್ದಕ್ಕೆ ಓಕೆನೋ, ಮೆಸೇಜ್ ಓದಿದಾನೆ ಅನ್ನೋದಂತೂ ಪಕ್ಕಾ ಆಯ್ತು. ಇದಿಲ್ದೆ ಎರಡು ಲಕ್ಷ ಹಾಕಿದ್ರೆ, ಖುಷಿಯಿಂದ ಬಿಲ್ ಒಪ್ಪಿ ಕೊಟ್ಟಿದ್ದು ಅಂತಾನೇ ಆಗ್ತಿತ್ತು. ಕೊನೇಲಿ ಆತ ತಂದ ಕಾಗದದಲ್ಲಿ "ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್" ಅಂತ ಇತ್ತು, ಅದಕ್ಕೆ ಸೈನ್ ಹಾಕ್ಲಿಲ್ಲ.

ಹಂಗಾಗಿ ಒಟ್ಟು ಕೊಟ್ಟಿದ್ದು 8,00,000, ಕೊಡ್ಬೇಕಾಗಿದ್ದು 7,01,700, ವಾಪಸ್ ಬರ್ಬೇಕಾಗಿದ್ದು 98,300. ಆತ ಇನ್ನೂ 64,400 ಬಾಕಿ ಅಂತ ಫೋನ್ ಮಾಡ್ತಾನೇ ಇದ್ದ.

ಎಲ್ಲಿಗೆ ಹೋಗೋದು? ಎಲ್ರೂ ಮೊದ್ಲು ಓಡೋದು ಪೊಲೀಸ್ ಸ್ಟೇಷನ್‌ಗೆ, ಅಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ಕಳಿಸ್ತಾರೆ, ಬಿಲ್ ಜಗಳದ ಮಟ್ಟಿಗೆ ಅವ್ರು ಹೇಳೋದು ಸಾಮಾನ್ಯವಾಗಿ ಸರಿನೇ. ರೇರಾ ಅಂತಾರೆ ಕೆಲವ್ರು, ಅದು ಫ್ಲಾಟು, ಸೈಟು ಮಾರೋ ಬಿಲ್ಡರ್‌ಗಳಿಗೆ, ನಿಮ್ಮ ಸ್ವಂತ ಮನೆ ರಿಪೇರಿಗಲ್ಲ. ಸರಿಯಾದ ಜಾಗ ಜಿಲ್ಲಾ ಗ್ರಾಹಕ ಆಯೋಗ. ಮನೆ ಕಟ್ಟೋ ಕೆಲಸ ಗ್ರಾಹಕ ಕಾನೂನಿನ ಕೆಳಗೆ "ಸೇವೆ" ಅಂತ ಸುಪ್ರೀಂ ಕೋರ್ಟ್ ಲಕ್ನೋ ಡೆವಲಪ್‌ಮೆಂಟ್ ಅಥಾರಿಟಿ ಕೇಸಲ್ಲೇ ಹೇಳಿಯಾಗಿದೆ. ಸ್ವಂತ ವಾಸದ ಮನೆ ಆಗಿದ್ರೆ ಯಾವ ತೊಂದ್ರೆನೂ ಇಲ್ಲ, ಬಿಸ್ನೆಸ್ ಬಿಲ್ಡಿಂಗ್ ಆಗಿದ್ರೆ "ಇವ್ರು ಗ್ರಾಹಕರೇ ಅಲ್ಲ" ಅಂತ ಎದುರಿನವ್ರು ಎತ್ತೇ ಎತ್ತುತಾರೆ.

ಇಲ್ಲಿ ಒಂದು ಸಣ್ಣ ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಎಲ್ರೂ "ಸೇವಾ ನ್ಯೂನತೆ" ಅಂತ ಮಾತ್ರ ಬರೀತಾರೆ. ಕೆಲಸ ಚೆನ್ನಾಗೇ ಆಗಿದ್ರೆ ನ್ಯೂನತೆ ಎಲ್ಲಿ ತೋರಿಸ್ತೀರಿ? 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಸೆಕ್ಷನ್ 2(6)ರಲ್ಲಿ ಯಾವ್ಯಾವ್ದನ್ನ ದೂರು ಅನ್ನಬಹುದು ಅಂತ ಪಟ್ಟಿ ಇದೆ, ಅದ್ರಲ್ಲಿ ಇಬ್ಬರೂ ಒಪ್ಪಿದ ಬೆಲೆಗಿಂತ ಜಾಸ್ತಿ ವಸೂಲಿ ಮಾಡಿದ್ದು ಅನ್ನೋದೇ ಬೇರೆಯಾಗಿ ಇದೆ. ನಮ್ಮ ಕೇಸಿಗೆ ಹೇಳಿ ಮಾಡಿಸಿದ ಸಾಲು. ದೂರಿನಲ್ಲಿ ಅದನ್ನೇ ಮುಂದಿಟ್ಟು, ಕೆಲಸ ಅರ್ಧಕ್ಕೆ ನಿಲ್ಲಿಸಿ ದುಡ್ಡು ಕಿತ್ತಿದ್ದನ್ನ ನ್ಯೂನತೆ ಮತ್ತೆ ಅನುಚಿತ ವ್ಯಾಪಾರ ಅಂತ ಅದರ ಹಿಂದೆ ಇಟ್ವಿ.

ದೂರು ಕೊಡೋ ಮುಂಚೆ ಸ್ಪೀಡ್ ಪೋಸ್ಟಲ್ಲಿ ಒಂದು ನೋಟಿಸ್, ಹದಿನೈದು ದಿನ ಟೈಮು. ಕಡ್ಡಾಯ ಏನಲ್ಲ, ಆದ್ರೆ ಐದು ಐಟಮ್ಮಿನ ಲೆಕ್ಕ ಮೊದಲೇ ಕಳಿಸಿದ್ವಿ, ಆತ ಒಂದಕ್ಕೂ ಉತ್ತರ ಕೊಡ್ಲಿಲ್ಲ ಅನ್ನೋದು ಆಮೇಲೆ ಕೆಲಸಕ್ಕೆ ಬರತ್ತೆ. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣೀಲೂ ದೂರು ಹಾಕಬಹುದು, ಆದ್ರೆ ಅವ್ರು ಆದೇಶ ಮಾಡೋರಲ್ಲ, ಹೆಸರುವಾಸಿ ಕಂಪನಿ ಆದ್ರೆ ಹೆದರತ್ತೆ, ಲೋಕಲ್ ಕಾಂಟ್ರಾಕ್ಟರ್‌ಗೆ ಅಷ್ಟು ನಾಟಲ್ಲ.

ದೂರನ್ನ ಆನ್‌ಲೈನ್‌ನಲ್ಲಿ e-jagriti.gov.in ಮೂಲಕ ಹಾಕಬಹುದು. ಕಾಂಟ್ರಾಕ್ಟರ್ ಬೇರೆ ಊರಿನವನಾದ್ರೂ ನೀವು ವಾಸ ಇರೋ ಜಿಲ್ಲೇಲೇ ಹಾಕೋಕೆ ಬರತ್ತೆ, ವಕೀಲರು ಬೇಕೇ ಬೇಕು ಅಂತಿಲ್ಲ. ಫೀಸ್ ಲೆಕ್ಕ ಆಗೋದು ನೀವು ವಾಪಸ್ ಕೇಳೋ ಮೊತ್ತದ ಮೇಲಲ್ಲ, ಸೇವೆಗೆ ಕೊಟ್ಟ ಒಟ್ಟು ದುಡ್ಡಿನ ಮೇಲೆ. 5 ಲಕ್ಷದವರೆಗೆ ಫೀಸಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, ಚಿಕ್ಕಪ್ಪ ಕೊಟ್ಟಿದ್ದು 8 ಲಕ್ಷ ಆದ್ರಿಂದ 200. ಐವತ್ತು ಲಕ್ಷದವರೆಗೆ ಕೊಟ್ಟಿರೋ ಕೇಸುಗಳು ಜಿಲ್ಲಾ ಆಯೋಗಕ್ಕೇ. ಟೈಮ್ ಲಿಮಿಟ್ ಎರಡು ವರ್ಷ, "ಕೊಡ್ತೀನಿ ಸಾರ್, ಯುಗಾದಿ ಆಗ್ಲಿ" ಅಂತ ಆತ ಎಳೀತಿದ್ರೂ ಆ ಎರಡು ವರ್ಷ ಓಡ್ತಾನೇ ಇರತ್ತೆ.

ಸಾಕ್ಷಿ ವಿಷಯಕ್ಕೆ ಬಂದ್ರೆ ನಾಲ್ಕೇ ಕಾಗದ ಕೆಲಸ ಮಾಡಿದ್ದು. ಸೈನ್ ಆದ ಕೊಟೇಶನ್, ಫೈನಲ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೆ ಹೊರಗಿನ ಸಿವಿಲ್ ಎಂಜಿನಿಯರ್ ಒಬ್ರು ಅಳೆದು ಕೊಟ್ಟ ರಿಪೋರ್ಟು. ನಾನೇ ಅಳೆದಿದ್ದು ಸಾಕಾಗಲ್ವಾ ಅಂದ್ರೆ ಸಾಕಾಗಲ್ಲ, ನಾನು ನೆಂಟ. ಆ ಎಂಜಿನಿಯರ್ ಅಫಿಡವಿಟ್ ಕೊಡೋಕೆ ರೆಡಿ ಇರ್ಬೇಕು, ಅದನ್ನ ಮೊದಲೇ ಕೇಳ್ಕೊಳ್ಳಿ. ವಾಟ್ಸಾಪ್ ಚಾಟನ್ನ ಸ್ಕ್ರೀನ್‌ಶಾಟ್ ಅಷ್ಟೇ ಕೊಡ್ಬೇಡಿ, ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಡಿ, ಫೋನ್ ಬದಲಾಯಿಸ್ಬೇಡಿ, ಜೊತೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಹಾಕಿದ್ರೆ ಎದುರಿನವ್ರಿಗೆ ತಕರಾರಿಗೆ ಜಾಗ ಇರಲ್ಲ.

ದೂರು ಅಡ್ಮಿಟ್ ಆಗಿ ನೋಟಿಸ್ ಹೋದ್ಮೇಲೆ ಎದುರಿನವ್ರಿಗೆ ಉತ್ತರ ಕೊಡೋಕೆ 30 ದಿನ, ಆಯೋಗ ಒಪ್ಪಿದ್ರೆ ಇನ್ನೊಂದು 15, ಅದಕ್ಕಿಂತ ಜಾಸ್ತಿ ಇಲ್ಲ, ಇದನ್ನ ಸುಪ್ರೀಂ ಕೋರ್ಟ್ 2020ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಮೂರು ತಿಂಗಳಲ್ಲಿ ತೀರ್ಪು ಕೊಡೋಕೆ ಪ್ರಯತ್ನ ಮಾಡ್ಬೇಕು ಅಂತ ಕಾಯ್ದೆ ಹೇಳತ್ತೆ, ನಿಜದಲ್ಲಿ ಅದಕ್ಕಿಂತ ಉದ್ದ ಎಳೆಯತ್ತೆ ಅಂತಲೇ ಇಟ್ಕೊಳ್ಳಿ.

ನಮ್ಮ ಕಾಂಟ್ರಾಕ್ಟರ್ ಉತ್ತರದಲ್ಲಿ ನಿರೀಕ್ಷೆ ಮಾಡಿದ್ದೇ ಬರ್ದಿದ್ದ, ಎಲ್ಲಾ ಓನರ್ ಹೇಳಿಯೇ ಮಾಡಿಸಿದ್ದು, ಎರಡು ಲಕ್ಷ ಬಿಲ್ ಒಪ್ಪಿಯೇ ಕೊಟ್ಟಿದ್ದು ಅಂತ. ಎರಡನೇದಕ್ಕೆ ವಾಟ್ಸಾಪ್ ಮೆಸೇಜ್ ಇತ್ತು. ಮೊದಲನೇದಕ್ಕೆ, ನಿಜವಾಗಿ ಹೇಳಿ ಮಾಡಿಸಿದ ಪೈಪು ಕಲ್ಲು ಎರಡನ್ನೂ ನಾವೇ ದೂರಿನಲ್ಲಿ ಒಪ್ಕೊಂಡು ಕಳೆದುಬಿಟ್ಟಿದ್ವಿ, ಹಂಗಾಗಿ ಆತನಿಗೆ ವಾದ ಮಾಡೋಕೆ ಉಳಿದಿದ್ದು ಸ್ಕರ್ಟಿಂಗ್ ಲೆಕ್ಕ ಮತ್ತೆ ಸೂಪರ್‌ವಿಷನ್ ಚಾರ್ಜು, ಅವೆರಡನ್ನೂ ಯಾರ ಮುಂದೆ ನಿಂತು ಸಮರ್ಥಿಸೋದೂ ಕಷ್ಟ. ಆಯೋಗ ಮಧ್ಯಸ್ಥಿಕೆಗೆ ಹೋಗ್ತೀರಾ ಅಂತ ಕೇಳ್ತು, ಇಬ್ರೂ ಒಪ್ಪಿದ್ರು. ಪ್ಲಂಬಿಂಗಲ್ಲಿ ಚಿಕ್ಕಪ್ಪ ಸ್ವಲ್ಪ ಬಿಟ್ರು, ಆತ ಮಿಕ್ಕಿದ್ದನ್ನ ಬಿಟ್ಟ, 80,000 ವಾಪಸ್ ಕೊಡೋದು ಅಂತ ಆಯ್ತು. ಒಪ್ಪಂದದಲ್ಲಿ ನಾವು ಹಠ ಹಿಡಿದು ಸೇರಿಸಿದ ಒಂದು ಸಾಲು ಅಂದ್ರೆ, ಆತ ಬಾಕಿ ಅಂತಿದ್ದ 64,400ನ ಪೂರ್ತಿ ಕೈಬಿಟ್ಟಿದಾನೆ, ಮುಂದೆ ಯಾವ ಕೋರ್ಟಲ್ಲೂ ಕೇಳಲ್ಲ ಅನ್ನೋದು. ಅದಿಲ್ದೆ 80,000 ತಗೊಂಡಿದ್ರೆ, ಆತ ಆಮೇಲೆ ಸಿವಿಲ್ ಕೋರ್ಟಿಗೆ ಹೋಗಿ ಅದೇ ಬಿಲ್ ಮತ್ತೆ ತೆಗೆಯೋಕೆ ಮೂರು ವರ್ಷ ಟೈಮ್ ಇರ್ತಿತ್ತು.